ಮಡಕೆಗೆ ಎಷ್ಟು ನೀರು ಹಿಡಿಯುತ್ತದೆ? ಒಂದು ಫೋಟೊ ಸಾಕು

ಮಡಕೆಯ ಅಳತೆ ಬೇಕಿದ್ದರೆ ನೀರು ತುಂಬಿಸಿ ನೋಡಿದರಾಯ್ತು, ಅಲ್ವಾ? ಮಡಕೆ ಗಟ್ಟಿಯಾಗಿದ್ದರೆ ಹೌದು. ಬಿರುಕು ಬಿಟ್ಟಿದ್ದರೆ, ಹಳೆಯದಾಗಿದ್ದರೆ, ನೀರು ಹಾಕಬಾರದಂತಿದ್ದರೆ ಏನು ಮಾಡೋದು? ಆಗ ಬದಿಯಿಂದ ಒಂದು ಫೋಟೊ ತೆಗೆದು, ಮಡಕೆಯನ್ನು ಒಂದರ ಮೇಲೊಂದು ಪೇರಿಸಿದ ತೆಳು ಬಿಲ್ಲೆಗಳ ರಾಶಿ ಎಂದುಕೊಂಡು ಲೆಕ್ಕ ಹಾಕಬಹುದು. ಪ್ರತಿ ಬಿಲ್ಲೆಯ ಅಗಲ ಫೋಟೊದಲ್ಲಿ ಸಿಗುತ್ತದೆ. ದಪ್ಪ ಎಷ್ಟಿರಬೇಕು ಎಂದು ನಾವೇ ತೀರ್ಮಾನಿಸುತ್ತೇವೆ. ಎಲ್ಲವನ್ನೂ ಕೂಡಿಸಿದರೆ ಘನಫಲ.

ಶಾಲೆಯ ವಿಜ್ಞಾನ ಮೇಳಗಳಲ್ಲಿ ಮಕ್ಕಳು ಇದನ್ನು ಮಾಡುವುದನ್ನು ನೋಡುತ್ತಲೇ ಇರುತ್ತೇನೆ. ಉತ್ತರ ತಪ್ಪಿದಾಗ ಎಲ್ಲರೂ ಮಾಡುವುದು ಒಂದೇ: ಬಿಲ್ಲೆಗಳನ್ನು ಇನ್ನೂ ತೆಳುವಾಗಿ ಕತ್ತರಿಸುತ್ತಾರೆ. ತಪ್ಪು ಇರುವುದು ಅಲ್ಲಲ್ಲ, ಫೋಟೊದಲ್ಲಿ. ಅಳತೆಯಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸ ಬಂದರೆ ಘನಫಲದಲ್ಲಿ ನೂರಕ್ಕೆ ಮೂರರಷ್ಟು ಬರುತ್ತದೆ. ಹತ್ತು ಲೀಟರಿನ ಮಡಕೆಗೆ ಅದು 300 ಮಿಲಿ. ಬಿಲ್ಲೆಯನ್ನು ಎರಡು ಸೆಂಟಿಮೀಟರಿನಿಂದ ಒಂದಕ್ಕೆ ಇಳಿಸಿದರೆ ಸರಿಹೋಗುವುದು ಕೆಲವೇ ಮಿಲಿ. ಹಾಗಾಗಿ ಈ ಲೇಖನದ ಹೆಚ್ಚಿನ ಪಾಲು ಫೋಟೊಗೇ ಮೀಸಲು.

1. ಮಡಕೆಯನ್ನು ಬೋರಲು ಹಾಕಿ

ನಮ್ಮ ನೀರಿನ ಮಡಕೆಗಳ ತಳ ಗುಂಡಗಿರುತ್ತದೆ. ಸಿಂಬೆಯ ಮೇಲೆ ಇಟ್ಟರೆ ತಳದ ಮೂರು ನಾಲ್ಕು ಸೆಂಟಿಮೀಟರ್ ಅದರೊಳಗೆ ಅಡಗಿಬಿಡುತ್ತದೆ. ಆಮೇಲೆ ಅದನ್ನು ಅಂದಾಜಿನಲ್ಲಿ ಗೀಚಿ ಸೇರಿಸುವವರಿದ್ದಾರೆ. ಬೇಡ. ಬಾಯಿ ಕೆಳಗೆ ಮಾಡಿ ಮಟ್ಟವಾದ ಮೇಜಿನ ಮೇಲೆ ಬೋರಲು ಹಾಕಿ. ಬಾಯಿ ಚಪ್ಪಟೆಯಾಗಿ ಕೂರುತ್ತದೆ, ಮಡಕೆ ವಾಲುವುದಿಲ್ಲ, ತಳ ಪೂರ್ತಿ ಕಾಣುತ್ತದೆ. ನಲ್ಲಿ ಇರುವ ಮಡಕೆಯಾದರೆ ನಲ್ಲಿಯನ್ನು ಕ್ಯಾಮೆರಾ ಕಡೆಗೆ ತಿರುಗಿಸಿ. ಇಲ್ಲದಿದ್ದರೆ ಅದೂ ಅಂಚಿನ ಗೆರೆಯಲ್ಲಿ ಸೇರಿಕೊಳ್ಳುತ್ತದೆ.

ಹಿಂದೆ ಒಂದು ಬಿಳಿ ಬೆಡ್‌ಶೀಟ್ ಕಟ್ಟಿ, ಮಡಕೆಯಿಂದ ಒಂದೆರಡು ಅಡಿ ದೂರ ಇರಲಿ. ಬಟ್ಟೆ ಮಡಕೆಗೆ ತಾಗಿಕೊಂಡಿದ್ದರೆ ಅದರ ಮೇಲೆ ಬೀಳುವ ನೆರಳನ್ನೂ ಮಡಕೆ ಎಂದೇ ಅಳೆದುಬಿಡುತ್ತೀರಿ. ಫ್ಲ್ಯಾಷ್ ಆರಿಸಿ.

2. ಸ್ಕೇಲ್ ಎಲ್ಲಿ ನಿಲ್ಲಬೇಕು

ಹೆಚ್ಚಿನವರು ಕೆಡಿಸುವುದು ಇಲ್ಲಿಯೇ. ಸ್ಕೇಲನ್ನು ಮಡಕೆಯ ಮುಂದೆ ಒರಗಿಸಿ ಫೋಟೊ ತೆಗೆಯುತ್ತಾರೆ. ಚೆನ್ನಾಗಿ ಕಾಣುತ್ತದೆ, ಅಂಕಿಗಳನ್ನೂ ಓದಬಹುದು. ಆದರೆ ಕ್ಯಾಮೆರಾಗೆ ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುತ್ತದೆ. ಸ್ಕೇಲ್ ದೊಡ್ಡದಾಗಿ ಕಂಡರೆ ಅದರ ಲೆಕ್ಕದಲ್ಲಿ ಮಡಕೆ ಚಿಕ್ಕದಾಗುತ್ತದೆ.

ಎಷ್ಟು ಚಿಕ್ಕದು? 28 ಸೆಂಟಿಮೀಟರ್ ಅಗಲದ ಮಡಕೆಯನ್ನು ಎರಡಡಿ ದೂರದಿಂದ ತೆಗೆದಿರಿ ಎಂದುಕೊಳ್ಳಿ. ಮುಂಭಾಗಕ್ಕೆ ಒರಗಿದ ಸ್ಕೇಲ್ ಮಡಕೆಯ ನಡುವಿಗಿಂತ 14 ಸೆಂಟಿಮೀಟರ್ ಮುಂದಿರುತ್ತದೆ. ಅಷ್ಟಕ್ಕೇ ಘನಫಲ ನಿಜದ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಮೂರು ಮೀಟರ್ ದೂರ ಹೋದರೂ ಅದೇ ಸ್ಕೇಲ್ ನೂರಕ್ಕೆ ಹದಿಮೂರರಷ್ಟು ನುಂಗುತ್ತದೆ. ಹಿಂದಿನ ಬಟ್ಟೆಗೆ ಸ್ಕೇಲ್ ಅಂಟಿಸಿದರೆ ಉಲ್ಟಾ, ಉತ್ತರ ಜಾಸ್ತಿ ಬರುತ್ತದೆ.

ಸ್ಕೇಲ್ ನಿಲ್ಲಬೇಕಾದ್ದು ಮಡಕೆಯ ಪಕ್ಕದಲ್ಲಿ, ಅದರ ನಡುಮಧ್ಯದ ಸಾಲಿನಲ್ಲಿ. ಮೇಲಿನಿಂದ ನೋಡಿದರೆ ಮಡಕೆಯ ಅತಿ ಅಗಲವಾದ ಎಡತುದಿ, ಬಲತುದಿ ಮತ್ತು ಸ್ಕೇಲ್ ಮೂರೂ ಒಂದೇ ಗೆರೆಯಲ್ಲಿರಬೇಕು. ಮೇಜಿನ ಮೇಲೆ ಬಳಪದಿಂದ ಆ ಗೆರೆ ಎಳೆದುಕೊಳ್ಳಿ. ನಾನು ಒಂದಡಿಯ ಸ್ಟೀಲ್ ಸ್ಕೇಲನ್ನು ಮರದ ತುಂಡಿಗೆ ರಬ್ಬರ್ ಬ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸುತ್ತೇನೆ. ಟೈಲರ್ ಟೇಪ್ ಬೇಡವೇ ಬೇಡ, ಅದು ಹಿಗ್ಗಿರುತ್ತದೆ. ಅಗ್ಗದ ಪ್ಲಾಸ್ಟಿಕ್ ಸ್ಕೇಲುಗಳಲ್ಲಿ ಸೊನ್ನೆಯ ಗೆರೆ ತುದಿಯಿಂದ ಸ್ವಲ್ಪ ಒಳಗಿರುತ್ತದೆ. ಅಂಥದ್ದೇ ಇದ್ದರೆ ತುದಿಯಿಂದ ಅಳೆಯಬೇಡಿ, ಗೆರೆಯಿಂದ ಗೆರೆಗೆ ಅಳೆಯಿರಿ.

3. ದೂರ ಹೋಗಿ, ಕೆಳಗೆ ಕೂರಿ

ಕ್ಯಾಮೆರಾ ಕನಿಷ್ಠ ಮೂರು ಮೀಟರ್ ದೂರ ಇರಲಿ. ದುಂಡಗಿನ ವಸ್ತುವನ್ನು ಹತ್ತಿರದಿಂದ ನೋಡಿದಾಗ ಅದರ ಅಂಚು ಎಂದು ನಮಗೆ ಕಾಣುವುದು ನಿಜವಾದ ಅತಿ ಅಗಲದ ಜಾಗ ಅಲ್ಲ, ಅದಕ್ಕಿಂತ ಸ್ವಲ್ಪ ಮುಂದಿನದು. ಎರಡಡಿಯಿಂದ ತೆಗೆದರೆ ನಮ್ಮ ಮಡಕೆ ನೂರಕ್ಕೆ ಸುಮಾರು ಮೂರರಷ್ಟು ಅಗಲವಾಗಿ ಕಾಣುತ್ತದೆ. ಮೂರು ಮೀಟರಿನಿಂದ ಆ ವ್ಯತ್ಯಾಸ ಸಾವಿರಕ್ಕೆ ಒಂದು ಮಾತ್ರ. ಫೋನಿನಲ್ಲಿ ಎರಡರಷ್ಟು ಜೂಮ್ ಇಟ್ಟುಕೊಳ್ಳಿ. ಜೂಮ್ ಇಲ್ಲದೆ ಹತ್ತಿರ ಹೋಗಿ ತೆಗೆಯುವುದಕ್ಕಿಂತ, ದೂರದಿಂದ ತೆಗೆದು ಆಮೇಲೆ ಕತ್ತರಿಸುವುದು ಎಷ್ಟೋ ವಾಸಿ. ವೈಡ್ ಲೆನ್ಸ್ ಮಾತ್ರ ಮುಟ್ಟಬೇಡಿ.

ಕ್ಯಾಮೆರಾದ ಎತ್ತರ ಮಡಕೆಯ ಅರ್ಧ ಎತ್ತರಕ್ಕೆ ಸಮ ಇರಬೇಕು. ನಿಂತುಕೊಂಡು ತೆಗೆದ ಫೋಟೊ ಉಪಯೋಗಕ್ಕೆ ಬರುವುದಿಲ್ಲ. ಸರಿ ಬಂದಿದೆಯೇ ಎಂದು ತಿಳಿಯಲು ಮೇಜಿಗೆ ತಾಗಿರುವ ಬಾಯಿಯ ಅಂಚನ್ನು ನೋಡಿ. ಅದು ಹೆಚ್ಚುಕಮ್ಮಿ ನೇರ ಗೆರೆಯಾಗಿ ಕಾಣಬೇಕು. ಮೊರದ ಅಂಚಿನಂತೆ ಬಾಗಿ ಕಂಡರೆ ಕ್ಯಾಮೆರಾ ಮೇಲಿದೆ ಎಂದರ್ಥ, ಇನ್ನೂ ತಗ್ಗಿಸಿ.

ಒಂದು ಫೋಟೊ ಆದ ಮೇಲೆ ಮಡಕೆಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ತೆಗೆಯಿರಿ. ತಿಗರಿಯಿಂದ ಇಳಿಸಿದ ಮೇಲೆ ಹಲಗೆಯಿಂದ ತಟ್ಟಿ ಹಿಗ್ಗಿಸಿದ ಮಡಕೆ ಪೂರ್ತಿ ದುಂಡಗಿರುವುದು ಅಪರೂಪ. ಎರಡು ಫೋಟೊಗಳ ಅಗಲ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಬೇರೆಯಾಗಿದ್ದರೆ, ಒಂದೇ ಅಗಲದ ವರ್ಗ ಮಾಡುವ ಬದಲು ಎರಡು ಅಗಲಗಳನ್ನು ಗುಣಿಸಿ.

4. ಅಗಲಗಳನ್ನು ಅಳೆಯಿರಿ

ಪಿಕ್ಸೆಲ್ ತೋರಿಸುವ ಯಾವ ಪ್ರೋಗ್ರಾಂ ಆದರೂ ಸರಿ. ನನಗೆ ಇಷ್ಟ ImageJ. ಉಚಿತ, ಮತ್ತು ಅದರ Set Scale ನಲ್ಲಿ ಒಮ್ಮೆ ಸ್ಕೇಲ್ ತೋರಿಸಿದರೆ ಮುಂದೆ ಎಲ್ಲವನ್ನೂ ಸೆಂಟಿಮೀಟರಿನಲ್ಲೇ ಕೊಡುತ್ತದೆ. ಫೋಟೊ ಪ್ರಿಂಟ್ ಹಾಕಿಸಿ ಪೆನ್ಸಿಲಿನಿಂದ ಅಳೆದರೂ ತೊಂದರೆಯಿಲ್ಲ.

ನನ್ನ ಮುಂದಿರುವ ಮಡಕೆಯ ಫೋಟೊದಲ್ಲಿ 30 ಸೆಂಟಿಮೀಟರ್ ಸ್ಕೇಲ್ 600 ಪಿಕ್ಸೆಲ್ ಇದೆ. ಅಂದರೆ ಒಂದು ಸೆಂಟಿಮೀಟರಿಗೆ 20 ಪಿಕ್ಸೆಲ್. ಮಡಕೆಯ ಎತ್ತರ 26 ಸೆಂಟಿಮೀಟರ್. ಎರಡು ಸೆಂಟಿಮೀಟರ್ ದಪ್ಪದ 13 ಬಿಲ್ಲೆ ಮಾಡಿದೆ. ಅಗಲವನ್ನು ಪ್ರತಿ ಬಿಲ್ಲೆಯ ನಡು ಎತ್ತರದಲ್ಲಿ ಅಳೆಯಬೇಕು, ಮೇಲಿನ ಅಥವಾ ಕೆಳಗಿನ ಅಂಚಿನಲ್ಲಿ ಅಲ್ಲ. ತಳದಿಂದ ಬಾಯಿಯ ಕಡೆಗೆ ಸಿಕ್ಕ ಅಗಲಗಳು, ಸೆಂಟಿಮೀಟರಿನಲ್ಲಿ:

```
11.2  18.5  22.7  25.5  27.1  27.9  27.8
27.0  25.3  22.4  18.0  14.0  14.8
```

ಮುಂದೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ಮಡಕೆಯ ಹೊಟ್ಟೆಗೆ, ಅತಿ ಅಗಲ ಇರುವಲ್ಲಿ, ಒಂದು ದಾರ ಸುತ್ತಿ. ದಾರದ ಉದ್ದವನ್ನು 3.14ರಿಂದ ಭಾಗಿಸಿ. ನನಗೆ ದಾರ 88 ಸೆಂಟಿಮೀಟರ್ ಬಂತು, ಅಂದರೆ ಅಗಲ 28. ಫೋಟೊ ಹೇಳಿದ್ದು 27.9. ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಲೆಕ್ಕ ಮುಂದುವರಿಸಬೇಡಿ, ಸ್ಕೇಲ್ ಸರಿಯಾದ ಜಾಗದಲ್ಲಿಲ್ಲ. ವಾಪಸ್ ಹೋಗಿ ಫೋಟೊ ತೆಗೆಯಿರಿ.

5. ಕೂಡಿಸಿ

ಒಂದೊಂದು ಅಗಲವನ್ನೂ ಮೊದಲು ವರ್ಗ ಮಾಡಿ, ಆಮೇಲೆ ಕೂಡಿಸಿ, ದಪ್ಪದಿಂದ ಗುಣಿಸಿ, ಪೈಯ ಕಾಲುಭಾಗದಿಂದ ಗುಣಿಸಿ. ಅಗಲಗಳನ್ನು ಸ್ಪ್ರೆಡ್‌ಶೀಟಿನ B2ರಿಂದ B14ರವರೆಗೆ ಬರೆದಿಟ್ಟರೆ ಒಂದೇ ಸಾಲು:

```
=SUMSQ(B2:B14)*2*PI()/4
```

ನನ್ನ ಮಡಕೆಗೆ ಇದು 10,255 ಮಿಲಿ ಕೊಟ್ಟಿತು. ಅಗಲಗಳ ಸರಾಸರಿ ತೆಗೆದು ಅದನ್ನು ಒಮ್ಮೆ ವರ್ಗ ಮಾಡುವ ಶಾರ್ಟ್‌ಕಟ್ ಹಿಡಿಯಬೇಡಿ. ಅಗಲವಾದ ಬಿಲ್ಲೆಗಳಿಗೆ ಸಿಗಬೇಕಾದ ತೂಕ ಸಿಗುವುದಿಲ್ಲ. ಇದೇ ಮಡಕೆಗೆ ಹಾಗೆ ಮಾಡಿದರೆ 9,620 ಬರುತ್ತದೆ, 600 ಮಿಲಿಗಿಂತ ಜಾಸ್ತಿ ಕಡಿಮೆ.

6. ಮಣ್ಣನ್ನು ಕಳೆಯಿರಿ

ಹತ್ತು ಲೀಟರ್ ಎಂದು ಇಲ್ಲಿಗೇ ನಿಲ್ಲಿಸುವವರು ಬಹಳ. ಫೋಟೊದಲ್ಲಿ ಕಂಡದ್ದು ಹೊರಮೈ. ನೀರು ಕೂರುವುದು ಒಳಗೆ. ನಡುವೆ ಇರುವ ಮಣ್ಣನ್ನು ಕಳೆಯಲೇಬೇಕು.

ಪ್ರತಿ ಅಗಲದಿಂದಲೂ ಗೋಡೆಯ ದಪ್ಪವನ್ನು ಎರಡು ಸಲ ಕಳೆಯಿರಿ ಎಂದು ಕೆಲವರು ಹೇಳುತ್ತಾರೆ. ಹೊಟ್ಟೆಯ ಹತ್ತಿರ ಅದು ಸರಿ. ತಳದ ಕಡೆ ಗೋಡೆ ಮಲಗಿಕೊಂಡಿರುತ್ತದೆ. ಅಲ್ಲಿ ಅಡ್ಡಲಾಗಿ ಕತ್ತರಿಸಿದರೆ ಮಣ್ಣು ಗೋಡೆಯ ದಪ್ಪಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಮೇಲಾಗಿ ಬಾಯಿಯ ಅಂಚಿನಲ್ಲಿ ಅಳೆದ ದಪ್ಪ ಒಳಗಿನ ಗೋಡೆಗೆ ಹೊಂದುವುದಿಲ್ಲ. ಹಾಗಾಗಿ ತೂಕದ ದಾರಿಯೇ ಒಳ್ಳೆಯದು. ಚೆನ್ನಾಗಿ ಒಣಗಿದ ಮಡಕೆಯನ್ನು ತೂಗಿ. ನನ್ನದು 3.1 ಕಿಲೊ.

ಈಗ ಒಂದು ಸಿಸಿ, ಅಂದರೆ ಒಂದು ಮಿಲಿಯಷ್ಟು, ಸುಟ್ಟ ಮಣ್ಣು ಎಷ್ಟು ತೂಗುತ್ತದೆ ಎಂದು ಬೇಕು. ಅದೇ ಕುಂಬಾರರ ಒಡೆದ ಮಡಕೆಯ ಒಂದು ಬೋಕಿ ಚೂರು ತೆಗೆದುಕೊಳ್ಳಿ. ಒಣಗಿದಾಗ ತೂಗಿ: 95 ಗ್ರಾಂ. ಗುಳ್ಳೆ ಬರುವುದು ನಿಲ್ಲುವ ತನಕ ನೀರಿನಲ್ಲಿ ನೆನೆಸಿ, ಮೇಲ್ಮೈ ಒರೆಸಿ. ಅಡುಗೆಮನೆ ತೂಕದ ಯಂತ್ರದ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು ಸೊನ್ನೆ ಒತ್ತಿ. ಚೂರನ್ನು ದಾರದಲ್ಲಿ ಕಟ್ಟಿ ನೀರಿನೊಳಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳಕ್ಕೆ ಬದಿಗೆ ತಾಗಬಾರದು. ಯಂತ್ರ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಸಿಸಿ ಆ ಚೂರಿನ ಗಾತ್ರ. ನನಗೆ 50 ಬಂತು. 95ನ್ನು 50ರಿಂದ ಭಾಗಿಸಿದರೆ ಒಂದು ಸಿಸಿಗೆ 1.9 ಗ್ರಾಂ.

3,100 ಗ್ರಾಂ ಅನ್ನು 1.9ರಿಂದ ಭಾಗಿಸಿದರೆ ಮಡಕೆಯ ಮಣ್ಣು 1,630 ಸಿಸಿ. ಹೊರಗಿನ 10,255ರಿಂದ ಇದನ್ನು ಕಳೆದರೆ ಬಾಯಿಯ ಅಂಚಿನವರೆಗೆ ತುಂಬಿದಾಗ ಹಿಡಿಯುವುದು 8,625 ಮಿಲಿ, ಅಂದರೆ ಸುಮಾರು 8.6 ಲೀಟರ್. ಬೋಕಿಯ ಲೆಕ್ಕ 1.8 ಅಥವಾ 2.0 ಬಂದಿದ್ದರೂ ಉತ್ತರ 100 ಮಿಲಿಗಿಂತ ಜಾಸ್ತಿ ಆಚೀಚೆ ಆಗುತ್ತಿರಲಿಲ್ಲ.

ಗಾಜಿನ ಹಿಂದಿರುವ ಹಳೆಯ ಮಡಕೆಯನ್ನು ತೂಗುವಂತಿಲ್ಲ. ಅದಕ್ಕೆ ಉತ್ಖನನ ವರದಿಗಳಲ್ಲಿ ಬರುವ ರೇಖಾಚಿತ್ರ ಹುಡುಕಿ. ಅವುಗಳಲ್ಲಿ ಮಡಕೆಯ ಒಂದು ಅರ್ಧದಲ್ಲಿ ಹೊರಮೈ, ಇನ್ನೊಂದು ಅರ್ಧದಲ್ಲಿ ಗೋಡೆಯನ್ನು ಸೀಳಿದ ನೋಟ ಬಿಡಿಸುವುದು ರೂಢಿ. ಸೀಳಿದ ಕಡೆ ನಡುಗೆರೆಯಿಂದ ಒಳಗೋಡೆಯವರೆಗೆ ಅಳೆದು ದುಪ್ಪಟ್ಟು ಮಾಡಿದರೆ ಬಿಲ್ಲೆಯ ಒಳ ಅಗಲ ನೇರವಾಗಿ ಸಿಗುತ್ತದೆ.

7. ನೀರು ಹಾಕಿ ನೋಡಿ

ಗಟ್ಟಿ ಮಡಕೆಯಾದರೆ ಕೊನೆಗೆ ನೀರಿನಿಂದ ಪರೀಕ್ಷಿಸಿ. ಹಿಂದಿನ ರಾತ್ರಿಯೇ ನೀರು ತುಂಬಿಸಿಟ್ಟು ಬೆಳಿಗ್ಗೆ ಚೆಲ್ಲಿ, ಆಮೇಲೆ ಅಳೆಯಿರಿ. ಒಣ ಮಡಕೆ ನೀರು ಕುಡಿಯುತ್ತಲೇ ಇರುತ್ತದೆ, ಸುಮ್ನೆ ಲೆಕ್ಕ ಕೆಡುತ್ತದೆ. ನನ್ನ ಮಡಕೆ 8 ಲೀಟರ್ 450 ಮಿಲಿಗೆ ತುಳುಕಿತು. ಲೆಕ್ಕಕ್ಕಿಂತ 175 ಮಿಲಿ ಕಡಿಮೆ, ನೂರಕ್ಕೆ ಎರಡು. ಬಾಯಿಯ ಅಂಚು ಒಂದು ಕಡೆ ಸ್ವಲ್ಪ ತಗ್ಗಿರುವುದರಿಂದ ನೀರು ಪೂರ್ತಿ ತುಂಬುವ ಮೊದಲೇ ಅಲ್ಲಿಂದ ಹರಿಯುತ್ತದೆ. ನಿಮಗೆ ನೂರಕ್ಕೆ ಐದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೊದಲು ಸ್ಕೇಲಿನ ಜಾಗ ನೋಡಿ, ಆಮೇಲೆ ಕ್ಯಾಮೆರಾದ ದೂರ, ಆಮೇಲೆ ಮಡಕೆಯನ್ನು ತೂಗಿದಾಗ ಅದು ನಿಜವಾಗಿ ಒಣಗಿತ್ತೇ ಎಂದು ನೋಡಿ. ಬಿಲ್ಲೆಯ ದಪ್ಪವನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ.