ರೊಟ್ಟಿ ಗಂಟಿನ ಕೆಳಗಿನ ಚೀಟಿ

ಇಬ್ಬರು ಬೀಗತಿಯರು. ರಾಯಚೂರಿನ ಒಂದು ಆಸ್ಪತ್ರೆ, ಹೆರಿಗೆ ವಾರ್ಡಿನ ಹೊರಗಿನ ಕಾರಿಡಾರು, ಒಂದು ಬೆಂಚು. ಒಳಗೆ ಒಬ್ಬಳ ಮಗಳು, ಇನ್ನೊಬ್ಬಳ ಸೊಸೆ. ಚೊಚ್ಚಲ ಹೆರಿಗೆ. ನನ್ನ ಕಥೆಯಲ್ಲಿ ಇರೋದು ಇಷ್ಟೇ. ಇದನ್ನ ಬರೆಯೋಕೆ ನನಗೆ ಏಳು ತಿಂಗಳು ಹಿಡಿಯಿತು. ಅದರಲ್ಲಿ ಐದು ತಿಂಗಳು ತಪ್ಪು ಜಾಗದಲ್ಲಿ ಅಗೆಯುತ್ತಿದ್ದೆ.

ಮೊದಲ ಸಲ ಬರೆದಾಗ ಆತಂಕವನ್ನೆಲ್ಲ ಬಾಗಿಲಿನ ಆಚೆ ಇಟ್ಟಿದ್ದೆ. ಬಾಗಿಲು ತೆರೆಯುತ್ತೆ, ಸಿಸ್ಟರ್ ಓಡುತ್ತಾರೆ. ಮತ್ತೆ ತೆರೆಯುತ್ತೆ, ರಕ್ತದ ಬಾಟ್ಲಿ ಒಳಗೆ ಹೋಗುತ್ತೆ. ಇನ್ನೊಮ್ಮೆ ತೆರೆಯುತ್ತೆ, ಯಾರೋ ಕೂಗುತ್ತಾರೆ. ಮಾನ್ವಿಯಲ್ಲಿರುವ ಗೆಳೆಯನೊಬ್ಬನಿಗೆ ಓದೋಕೆ ಕೊಟ್ಟೆ. ಅವನು ಹೇಳಿದ್ದು ಇಷ್ಟು: "ಮೂರನೇ ಸಲ ಬಾಗ್ಲಾ ತೆಗ್ದಾಗ ನಾ ಪುಟ ಹಾರ್ಸಿದೆ ನೋಡು. ಒಳಗ ಏನಾಗ್ತದ ಅನ್ನೋದು ಆ ಹೆಣ್ಮಕ್ಕಳ ಕೈಯಾಗ ಇಲ್ಲ. ಮತ್ತ ಅವರನ್ನ ಯಾಕ ನೋಡ್ಕೋಂತ ಕುಂದರ್ಲಿ?"

ಸಿಟ್ಟು ಬಂತು. ಎರಡು ದಿನ ಬಿಟ್ಟು ಯೋಚಿಸಿದರೆ, ಅವನು ಹೇಳಿದ್ದು ಸರಿ ಇತ್ತು. ನನ್ನ ಇಬ್ಬರೂ ಸುಮ್ನೆ ಸುದ್ದಿಗೆ ಕಾಯುತ್ತಿದ್ದರು. ಹಾಗೆ ಬಸ್ಸಿಗೂ ಕಾಯಬಹುದು. ಕೂತ ಜಾಗದಲ್ಲೇ ಅವರು ಮಾಡಬಹುದಾದ ಕೆಲಸ ಒಂದಿರಬೇಕು, ಅದನ್ನ ಮಾಡದೇ ಇರಬೇಕು. ಆಗ ಅವರು ಕೂತಿರೋದೇ ಒಂದು ಘಟನೆ ಆಗುತ್ತೆ.

ಆ ಕೆಲಸ ಯಾವುದು ಅಂತ ಸಿಕ್ಕಿದ್ದು ಬೇರೆ ಕಡೆಯಿಂದ. ನಮ್ಮ ಓಣಿಯಲ್ಲಿ ಒಬ್ಬ ಹುಡುಗಿಗೆ ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲು ನೋವಿನ ಜ್ವರ ಬಂದು, ಕೊನೆಗೆ ಹೃದಯದ ಕವಾಟಕ್ಕೆ ಪೆಟ್ಟು ಬಿದ್ದಿತ್ತು. ರುಮ್ಯಾಟಿಕ್ ಜ್ವರ ಅಂತಾರೆ. ಅದು ಮರುಕಳಿಸದ ಹಾಗೆ ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಬಸುರಿಯಾದರೆ ಯಾರಿಗಾದರೂ ಮೈಯಲ್ಲಿ ರಕ್ತ ಸುಮಾರು ಅರ್ಧದಷ್ಟು ಜಾಸ್ತಿ ಆಗುತ್ತೆ. ಇಂಥ ಹುಡುಗಿಯ ಪೆಟ್ಟು ಬಿದ್ದು ಕಿರಿದಾದ ಕವಾಟ ಅಷ್ಟನ್ನ ಸಾಗಿಸೋಕೆ ಒದ್ದಾಡುತ್ತೆ. ಅಲ್ಲೀವರೆಗೆ ಆರಾಮಾಗಿದ್ದವಳಿಗೆ ಆಗ ಉಸಿರು ಕಟ್ಟೋಕೆ ಶುರು.

ಹುಡುಗಿಯ ಅವ್ವ ಇದನ್ನ ಮುಚ್ಚಿಟ್ಟು ಮದುವೆ ಮಾಡಿದ್ದರೆ? ಹಳೇ ಇಂಜೆಕ್ಷನ್ ಚೀಟಿ ಈಗ ಅವಳ ಚೀಲದಲ್ಲೇ ಇದ್ದರೆ? ಪಕ್ಕದಲ್ಲಿ ಹುಡುಗನ ಅವ್ವ ಕೂತಿದ್ದರೆ?

ಕಥೆ ಅಲ್ಲಿಂದ ಹೊರಟಿತು. ಮಗಳ ಅವ್ವ ನಿಂಗಮ್ಮ, ಮಾನ್ವಿ ಕಡೆಯವಳು. ಹುಡುಗನ ಅವ್ವ ಗೌರಮ್ಮ, ದೇವದುರ್ಗ ಕಡೆಯವಳು. ಚೊಚ್ಚಲ ಹೆರಿಗೆ ತವರಿನದು. ಹಾಗಾಗಿ ಕಾರಿಡಾರಿನಲ್ಲೂ ನಿಂಗಮ್ಮನೇ ಮನೆಯವಳು, ಗೌರಮ್ಮ ಬೀಗರ ಪೈಕಿ ಬಂದವಳು. ಅವಳಿಗೆ ಉಣಿಸೋದು ನಿಂಗಮ್ಮನ ಪಾಲಿನ ಕೆಲಸ. ಇದು ನನಗೆ ಬಹಳ ಉಪಯೋಗಕ್ಕೆ ಬಂತು. ಬೀಗತಿಯರು ಕೂಗಾಡುವಂತಿಲ್ಲ. ಮರ್ಯಾದೆ ಬಿಡುವಂತಿಲ್ಲ. ಸಿಟ್ಟು ಬಂದಷ್ಟೂ ಮಾತಿಗೆ 'ರೀ' ಜಾಸ್ತಿ ಸೇರುತ್ತೆ.

ಮೊದಲು ಬರೆದಾಗ ಇಂಜೆಕ್ಷನ್ 'ತಿಂಗಳಿಗೊಮ್ಮೆ' ಅಂತ ಹಾಕಿದ್ದೆ. ಪರಿಚಯದ ಸಿಸ್ಟರ್ ಒಬ್ಬರು ಓದಿ, "ನಮ್ ಕಡೆ 21 ದಿನಕ್ಕೊಮ್ಮೆ ಕೊಡ್ತೀವ್ರಿ" ಅಂದರು. ತಿದ್ದಿದೆ. ತಿದ್ದುವಾಗ ಹೊಳೆಯಿತು: 21 ದಿನ ಅಂದರೆ ಸರಿಯಾಗಿ ಮೂರು ವಾರ. ಪ್ರತಿ ಸಲವೂ ವಾರದ ಅದೇ ದಿನ ಬರುತ್ತೆ. ಅಂದರೆ ಸಂತೆಯ ದಿನ! ನಿಂಗಮ್ಮ ಮೂರು ವಾರಕ್ಕೊಮ್ಮೆ ಮಗಳನ್ನ ಕರೆದುಕೊಂಡು 'ಸಂತಿಗೆ ಹೊಂಟೀವಿ' ಅಂತ ಓಣಿಗೆಲ್ಲ ಹೇಳಿ ಹೋಗುತ್ತಿದ್ದಳು. ಆ ಇಂಜೆಕ್ಷನ್ ಕುಂಡಿಗೆ ಆಳವಾಗಿ ಚುಚ್ಚುವಂಥದ್ದು, ಭಾಳ ನೋವು. ಸಂತೆಯಿಂದ ಬರುವಾಗ ಹುಡುಗಿ ಕುಂಟುತ್ತಿದ್ದಳು. ಯಾರಾದರೂ ಕೇಳಿದರೆ "ಚಪ್ಲಿ ಕಚ್ಚ್ಯಾದ" ಅನ್ನೋದು. ಹಿಂದಿನ ಕಥೆಯನ್ನೆಲ್ಲ ಹೇಳೋಕೆ ನನಗೆ ಈ ನಾಲ್ಕು ಸಾಲು ಸಾಕಾಯಿತು.

ಚೀಟಿ ಇದೆ ಅಂತ ಓದುಗರಿಗೆ ಯಾವಾಗ ಹೇಳಬೇಕು ಅನ್ನೋದು ಮುಂದಿನ ತಲೆನೋವು. ನಾನು ಅದನ್ನ ಕೊನೆಗೆ ಇಟ್ಟಿದ್ದೆ, ಎಲ್ಲರೂ ಬೆಚ್ಚಿಬೀಳಲಿ ಅಂತ. ಬೆಚ್ಚಿಬಿದ್ದರೋ ಏನೋ, ಆದರೆ ಅದಕ್ಕೆ ಮೊದಲಿನ ಎಂಟು ಪುಟ ಸಪ್ಪೆ. ಇಬ್ಬರು ಹೆಂಗಸರು ರೊಟ್ಟಿ, ಬಿಸಿಲು, ಹತ್ತಿ ರೇಟು ಅಂತ ಮಾತಾಡುತ್ತಾ ಕೂತಿರುತ್ತಾರೆ, ಅಷ್ಟೇ. ಒಂದು ರಾತ್ರಿ ಚೀಟಿಯ ಸಾಲುಗಳನ್ನ ಕತ್ತರಿಸಿ ಮೂರನೇ ಪ್ಯಾರಾಕ್ಕೆ ಅಂಟಿಸಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಬೆಳಗ್ಗೆ ಓದಿದರೆ ಅದೇ ಹತ್ತಿ ರೇಟಿನ ಮಾತು ಕುತ್ತಿಗೆ ಹಿಡಿಯುತ್ತಿತ್ತು. ಚೀಟಿ ರೊಟ್ಟಿ ಗಂಟಿನ ಕೆಳಗಿದೆ ಅಂತ ಗೊತ್ತಿರುವವರಿಗೆ, ಗೌರಮ್ಮ ಚೀಲದ ಕಡೆ ಸುಮ್ನೆ ನೋಡಿದರೂ ಸಾಕು.

ಹಾಗಾಗಿ ಊಟದ ಮಾತೇ ಕಥೆಯ ಬೆನ್ನೆಲುಬಾಯಿತು. ಮೊದಲು ಅದು ಹೀಗಿತ್ತು:

"ಹೊಟ್ಟಿ ಹಸ್ದಿರಬೇಕು, ರೊಟ್ಟಿ ಉಣ್ರಿ ಬೀಗತೇರ."

"ಈಗ ಬ್ಯಾಡ್ರಿ. ನನಗ ಚಿಂತಿ ಹತ್ಯಾದ."

ಗೌರಮ್ಮ 'ಚಿಂತಿ' ಅಂತ ಬಾಯಿಬಿಟ್ಟ ಕೂಡಲೇ ಗಾಳಿ ಹೋಯಿತು. ಮನಸ್ಸಿನಲ್ಲಿ ಇದ್ದದ್ದು ಮಾತಿಗೆ ಬಂದರೆ ಓದುಗರಿಗೆ ಕೆಲಸ ಉಳಿಯೋದಿಲ್ಲ. ಆಮೇಲೆ ಹೀಗೆ ತಿದ್ದಿದೆ:

"ಪುಂಡಿಪಲ್ಯ ಮಾಡೀನ್ರಿ. ಒಂದ್ ರೊಟ್ಟಿ ತಗೋರಿ ಬೀಗತೇರ."

"ಚೀಲ ಭಾಳ ವಜ್ಜಿ ಕಾಣ್ತದಲ್ರಿ."

"ರೊಟ್ಟಿ ಅವ್ರಿ. ಹತ್ತ್ ಅದಾವ."

"ಹತ್ತ್ ರೊಟ್ಟಿ ಇಷ್ಟ್ ವಜ್ಜಿ ಆಗ್ತಾವೇನ್ರಿ?"

"ಬಟ್ಟಿನೂ ಅದಾವ್ರಿ. ಕೂಸಿನ್ವು."

"ಹ್ಞೂಂ. ಇರ್ಲಿ ಬಿಡ್ರಿ. ಆಮ್ಯಾಗ ಉಣ್ತೀನಿ."

ಗೌರಮ್ಮನಿಗೆ ಏನೂ ಗೊತ್ತಿಲ್ಲ. ಅವಳು ನಿಜವಾಗಿಯೂ ಚೀಲದ ಭಾರದ ಬಗ್ಗೆಯೇ ಕೇಳುತ್ತಿದ್ದಾಳೆ. ಅವಳಿಗೆ ಅನುಮಾನ ಇದೆ ಅಂತ ನಾನು ಎಲ್ಲೂ ಬರೆದಿಲ್ಲ. ಹಾಗೆ ಅನ್ನಿಸೋದು ನಿಂಗಮ್ಮನಿಗೆ, ಆಮೇಲೆ ಓದುಗರಿಗೆ.

ಗಡಿಯಾರವನ್ನೂ ತೆಗೆದುಹಾಕಿದೆ. 'ಹನ್ನೊಂದೂವರೆ ಆಯಿತು, ಹನ್ನೆರಡು ಆಯಿತು' ಅಂತ ಬರೆದರೆ ಹೊತ್ತು ಹೋಗೋದಿಲ್ಲ, ಅಂಕಿ ಮಾತ್ರ ಬದಲಾಗುತ್ತೆ. ನಾನೇ ಒಮ್ಮೆ ಮನೆಯವರ ಆಪರೇಷನ್ ಅಂತ ಇಂಥ ಕಾರಿಡಾರಿನಲ್ಲಿ ಮೇ ತಿಂಗಳ ಒಂದು ಇಡೀ ದಿನ ಕೂತಿದ್ದೆ. ಹೊರಗೆ 42 ಡಿಗ್ರಿ. ಗಡಿಯಾರ ನೋಡಿದವರು ಯಾರೂ ಇರಲಿಲ್ಲ. ಬಾಗಿಲು ತೆರೆದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಮತ್ತೆ ಕೂರುವಾಗ ಮೊದಲಿನ ಜಾಗ ಸಿಗುತ್ತಿರಲಿಲ್ಲ, ಫ್ಯಾನಿನ ಕೆಳಗಿನ ಜಾಗಕ್ಕೆ ಬೇರೆ ಯಾರೋ ಬಂದಿರುತ್ತಿದ್ದರು. ಈ ಏಳೋದು, ಜಾಗ ಕಳಕೊಳ್ಳೋದು ಎರಡನ್ನೂ ಹಾಗೇ ಎತ್ತಿಕೊಂಡೆ. ಹೊತ್ತಿನ ಲೆಕ್ಕಕ್ಕೆ ರೊಟ್ಟಿಯನ್ನ ಇಟ್ಟೆ. ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಮೆತ್ತಗಿತ್ತು. ಎರಡನೇ ಸಲ ಮುಟ್ಟಿದಾಗ ಅಂಚು ಬಿರುಸು. ಮೂರನೇ ಸಲ ಮುರಿದರೆ ಸದ್ದು ಬರುತ್ತೆ.

ಬಾಗಿಲು ಈಗ ಬರೀ ಮೂರು ಸಲ ತೆರೆಯುತ್ತೆ. ಮೊದಲ ಸಲ ಬೇರೆ ಯಾರದೋ ಹೆಸರು ಕೂಗುತ್ತಾರೆ. ಎರಡನೇ ಸಲ ಸಿಸ್ಟರ್ ಬಂದು, ತಾಯಿ ಕಾರ್ಡ್ ಕೈಯಲ್ಲಿ ಹಿಡಿದು, "ಮೊದ್ಲ ಎದಿ ತ್ರಾಸ ಏನರ ಇತ್ತೇನ್ರಿ? ಹಳೇ ಕಾಗದ ಅದಾವೇನು?" ಅಂತ ಕೇಳುತ್ತಾರೆ. ತಾಯಿ ಕಾರ್ಡಿನಲ್ಲಿ ಅದು ಇಲ್ಲ, ಯಾಕಂದರೆ ಆಶಾ ಕಾರ್ಯಕರ್ತೆಗೂ ನಿಂಗಮ್ಮ ಹೇಳಿರಲಿಲ್ಲ. ನಿಂಗಮ್ಮ ಬಾಯಿ ತೆರೆಯೋದರೊಳಗೆ ಗೌರಮ್ಮ ಉತ್ತರ ಕೊಡುತ್ತಾಳೆ: "ಏನಿಲ್ರಿ ಸಿಸ್ಟರ್. ನಮ್ ಸೊಸಿ ಗಟ್ಟಿ ಹುಡುಗಿ. ನೋಡೇ ತಂದೀವಿ." ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಸಾಲು 'ನೋಡೇ ತಂದೀವಿ'. ಅದು ಹೊಗಳಿಕೆ. ನಿಂಗಮ್ಮನಿಗೆ ಮಾತ್ರ ಅದು ಬೀಗ ಜಡಿದ ಹಾಗೆ.

ಇಲ್ಲಿಂದ ಮುಂದೆ ಜಾರುವ ಅಪಾಯ ಇತ್ತು. ಸಿಸ್ಟರ್ ಕೇಳಿದ ಮೇಲೂ ತಾಯಿ ಸುಮ್ಮನಿದ್ದರೆ, ಓದುಗರು ಅವಳನ್ನ ಬೈಯೋಕೆ ಶುರು ಮಾಡುತ್ತಾರೆ. ಮಗಳ ಜೀವಕ್ಕಿಂತ ಮರ್ಯಾದೆ ದೊಡ್ಡದಾ ಅಂತ. ಬೈದರೆ ಮುಗಿಯಿತು, ಆಮೇಲೆ ಅವಳ ಜೊತೆ ಯಾರೂ ಕಾಯೋದಿಲ್ಲ. ಆ ಸಿಸ್ಟರನ್ನೇ ಮತ್ತೆ ಕೇಳಿದೆ. ಅವರು ಹೇಳಿದರು, ಡಾಕ್ಟರು ಸ್ಟೆತಾಸ್ಕೋಪ್ ಇಟ್ಟರೆ ಎದೆಯ ಸದ್ದಿನಲ್ಲೇ ಅನುಮಾನ ಬರುತ್ತೆ, ಚೀಟಿ ಇಲ್ಲದಿದ್ದರೂ ಚಿಕಿತ್ಸೆ ಶುರು ಆಗುತ್ತೆ. ಚೀಟಿ ಇದ್ದರೆ ಯಾವ ತೊಂದರೆ, ಎಷ್ಟು ದಿನದ್ದು, ಏನು ಔಷಧಿ ನಡೆದಿತ್ತು ಅಂತ ಬೇಗ ಗೊತ್ತಾಗುತ್ತೆ. ಅಂದರೆ ಚೀಟಿ ಮುಖ್ಯ, ಆದರೆ ಜೀವ ಪೂರ್ತಿ ಅದರ ಮೇಲೆ ನಿಂತಿಲ್ಲ. ಇದು ಗೊತ್ತಾದ ಮೇಲೆ ನಿಂಗಮ್ಮ ನನಗೆ ಉಸಿರಾಡುವ ಹೆಂಗಸಾದಳು. 'ಡಾಕ್ಟರಿಗೆ ತಿಳೀತದ, ಅವರು ಓದಿದವ್ರು' ಅಂತ ತನಗೆ ತಾನೇ ಹೇಳಿಕೊಳ್ಳೋಕೆ ಅವಳಿಗೆ ಜಾಗ ಸಿಕ್ಕಿತು.

ಜೊತೆಗೆ ಅವಳಿಂದ ಒಂದು ಪ್ರಯತ್ನ ಮಾಡಿಸಿದೆ. ನಿಂಗಮ್ಮ ಚೀಲ ಎತ್ತಿಕೊಂಡು ಏಳುತ್ತಾಳೆ.

"ನೀರ್ ತರ್ತೀನ್ರಿ."

"ಚೀಲ ಇಟ್ಟ್ ಹೋಗ್ರಿ, ನಾ ನೋಡ್ತೀನಿ."

"ಇರ್ಲಿ ಬಿಡ್ರಿ, ವಜ್ಜಿ ಇಲ್ಲ."

"ಹಂಗಾರ ನಡೀರಿ, ನಾನೂ ಬರ್ತೀನಿ. ನಿಮ್ಮನ್ನ ಒಬ್ಬಾಕಿನ್ನ ಹೆಂಗ ಬಿಡ್ಲಿ?"

ಇಬ್ಬರೂ ನಲ್ಲಿಯತನಕ ಹೋಗಿ, ನೀರು ಕುಡಿದು, ವಾಪಸ್ ಬಂದು ಕೂರುತ್ತಾರೆ. ಫ್ಯಾನಿನ ಕೆಳಗಿನ ಜಾಗ ಹೋಗಿರುತ್ತೆ. ಇಡೀ ಕಥೆಯಲ್ಲಿ ದೊಡ್ಡ ಓಡಾಟ ಅಂದರೆ ಇದೇ. ಇದನ್ನ ಓದುವಾಗ ಕೈ ಬೆವರಿತು ಅಂತ ಆ ಮಾನ್ವಿ ಗೆಳೆಯ ಹೇಳಿದ. ಬಿಸಿಲಿಗೆ ಬೆವರಿದ್ದೂ ಇರಬಹುದು.

ಇನ್ನೊಂದು ಸಲ ತಡ ಮಾಡಿಸೋಣ ಅಂತ ನಾಲ್ಕನೇ ಸಲ ಬಾಗಿಲು ತೆರೆಸಿ ನೋಡಿದೆ. ಆಗಲಿಲ್ಲ. ಎರಡನೇ ಸಲ ಪ್ರಶ್ನೆ, ನಡುವೆ ನೀರಿನ ಪ್ರಯತ್ನ, ಮೂರನೇ ಸಲ ನಿರ್ಧಾರ. ಅದಕ್ಕಿಂತ ಜಾಸ್ತಿ ಎಳೆದರೆ ತಡ ಮಾಡುತ್ತಿರೋದು ನಿಂಗಮ್ಮ ಅಲ್ಲ, ನಾನು ಅಂತ ಗೊತ್ತಾಗುತ್ತಿತ್ತು. ಇದು ಗೊತ್ತಾಗೋಕೆ ಒಂದು ಉಪಾಯ ಇದೆ: ತಡವಾಗುವ ಜಾಗದಲ್ಲಿ ಪಾತ್ರದ ಕೈಯಲ್ಲಿ ಏನಿದೆ ಅಂತ ನೋಡೋದು. ನಾಲ್ಕನೇ ಬಾಗಿಲಿನ ಹೊತ್ತಿಗೆ ನಿಂಗಮ್ಮನ ಕೈಗೆ ಕೊಡೋಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಸುಮ್ನೆ ಸೆರಗಿನ ತುದಿ ತಿರುವುತ್ತಿದ್ದಳು.

ಗೌರಮ್ಮನಿಗೆ ಮೊದಲೇ ಎಲ್ಲ ಗೊತ್ತಿತ್ತು ಅಂತ ಮಾಡಿ ಅಂದರು ಒಬ್ಬರು. ಮಾಡಿದ್ದರೆ ಆ ಚೀಲದ ಮಾತು, ನೀರಿನ ಮಾತು ಎಲ್ಲ ನಾಟಕ ಆಗಿಬಿಡುತ್ತಿತ್ತು. ಬಿಟ್ಟೆ.

ಮೂರನೇ ಸಲ ಸಿಸ್ಟರ್ ಬಂದು, ಏನೂ ಕೇಳದೆ ಇಬ್ಬರ ಮುಖ ನೋಡಿ ನಿಲ್ಲುತ್ತಾರೆ. ನಿಂಗಮ್ಮ ಗಂಟು ಬಿಚ್ಚಿ, ರೊಟ್ಟಿ ಎತ್ತಿ ಗೌರಮ್ಮನ ತೊಡೆಯ ಮೇಲೆ ಇಡುತ್ತಾಳೆ. ಕೆಳಗಿನಿಂದ ಚೀಟಿ ತೆಗೆದು ಕೊಡುತ್ತಾಳೆ. ಎಣ್ಣೆ ಇಳಿದು ಒಂದು ಮೂಲೆ ಹಳದಿಯಾಗಿರುತ್ತೆ. ಬಾಗಿಲು ಮುಚ್ಚುತ್ತೆ. ಗೌರಮ್ಮನಿಗೆ ಓದೋಕೆ ಬರೋದಿಲ್ಲ, ಆದರೆ ಚೀಟಿ ಎಷ್ಟು ಹಳೇದು ಅಂತ ಕಾಣುತ್ತೆ.

ಇದರ ಮುಂದೆ ಗೌರಮ್ಮನ ಬಾಯಲ್ಲಿ ಒಂದು ಪ್ಯಾರಾ ಮಾತು ಇತ್ತು. ಮೋಸ, ಮದುವೆ, ಬಂಗಾರ ಎಲ್ಲ. ಪತ್ರಿಕೆಗೆ ಕಳಿಸುವ ಹಿಂದಿನ ದಿನ ಪೂರ್ತಿ ಹೊಡೆದುಹಾಕಿದೆ. ಈಗ ಅವಳು ತೊಡೆಯ ಮೇಲಿನ ರೊಟ್ಟಿಯನ್ನ ಮುರಿಯುತ್ತಾಳೆ. ಟಪ್ ಅಂತ ಸದ್ದಾಗುತ್ತೆ. ಅರ್ಧ ತಾನು ಇಟ್ಟುಕೊಂಡು, ಇನ್ನರ್ಧವನ್ನ ಬೆಂಚಿನ ಮೇಲೆ, ಇಬ್ಬರ ನಡುವೆ ಇಡುತ್ತಾಳೆ. ಅದನ್ನ ನಿಂಗಮ್ಮ ತಗೊಂಡಳಾ ಅಂತ ಕಥೆಯಲ್ಲಿ ಇಲ್ಲ. ಹುಡುಗಿ ಏನಾದಳು ಅನ್ನೋದೂ ಇಲ್ಲ. ಫೋನ್ ಮಾಡುವ ಓದುಗರು ಹುಡುಗಿಯ ಬಗ್ಗೆಯೇ ಕೇಳುತ್ತಾರೆ. ಸಿಂಧನೂರಿನ ಒಬ್ಬ ಅಜ್ಜಿ ಮಾತ್ರ ರೊಟ್ಟಿಯ ಬಗ್ಗೆ ಕೇಳಿದರು.