ಚಿಮಣಿ ಹೊಗೆ ಎಳೆಯುತ್ತಿಲ್ವಾ? ದೊಡ್ಡ ಫ್ಯಾನ್ ತರುವ ಮೊದಲು ಬಾಗಿಲು ಎಳೆದು ನೋಡಿ

ಜೂನ್‌ನಲ್ಲಿ ಮಡಿಕೇರಿಯ ಒಂದು ಫುಡ್ ಕೋರ್ಟ್‌ಗೆ ಹೋಗಿದ್ದೆ. ನಾಲ್ಕು ಅಂಗಡಿ, ನಾಲ್ಕಕ್ಕೂ ಒಲೆ ಮೇಲೆ ಹೊಗೆ ಹಿಡಿಯುವ ಹೊಸ ಹುಡ್. ಆದರೂ ಪಂದಿ ಹುರಿಯುವ ಹೊಗೆಯೆಲ್ಲ ಗಿರಾಕಿಗಳ ಟೇಬಲ್ ಮೇಲೆ. ಮಾಲೀಕರು ಇನ್ನೂ ದೊಡ್ಡ ಫ್ಯಾನ್ ತರಿಸಲು ಹೊರಟಿದ್ದರು. ಹೊರಗಿನಿಂದ ಬಾಗಿಲು ಎಳೆದೆ, ಎರಡೂ ಕೈ ಬೇಕಾಯಿತು. ಬೇಸಿಗೆಯಲ್ಲಿ ಕಿಟಕಿಗಳು ತೆರೆದಿದ್ದವು, ಎಲ್ಲ ಸರಿ ಇತ್ತು. ಮಳೆ, ಚಳಿ ಅಂತ ಮುಚ್ಚಿದ ಮೇಲೆ ಫ್ಯಾನ್‌ಗೆ ಎಳೆಯಲು ಗಾಳಿಯೇ ಉಳಿದಿರಲಿಲ್ಲ, ಹೊರಗಿನ ಗಾಳಿ ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿದಿತ್ತು.

ಮೊದಲು ಹುಡ್. ಒಲೆಗಿಂತ ಸುತ್ತಲೂ ಅರ್ಧ ಅಡಿಯಾದರೂ ಹೊರಗೆ ಚಾಚಿರಲಿ. ಫಿಲ್ಟರ್ ಬ್ಯಾಫಲ್‌ದೇ, ಅಂದರೆ ಬಾಗಿಸಿದ ತಗಡಿನ ಪಟ್ಟಿಗಳದ್ದೇ ಹಾಕಿಸಿ. ಅಗ್ಗದ ಜಾಲರಿ ಫಿಲ್ಟರ್ ಬೇಡವೇ ಬೇಡ, ಜಿಡ್ಡು ಕಟ್ಟಿಕೊಂಡು ಬೆಂಕಿಗೆ ಬತ್ತಿಯಾಗುತ್ತದೆ.

ಆಮೇಲೆ ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ. ಅಲ್ಲಿನ ಹುಡ್ 8 ಅಡಿ ಉದ್ದ, 4 ಅಡಿ ಅಗಲ, ಅಂದರೆ 32 ಚದರಡಿ. ಹುಡ್ ಬಾಯಲ್ಲಿ ಗಾಳಿ ನಿಮಿಷಕ್ಕೆ 80 ಅಡಿ ವೇಗದಲ್ಲಿ ಮೇಲೇರಬೇಕು ಅಂತಿಟ್ಟುಕೊಂಡರೆ 2,560 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. ನಾಲ್ಕಕ್ಕೆ ಸುಮಾರು 10,000. ಇಷ್ಟು ಗಾಳಿ ಹೊರಗೆ ಹೋದರೆ ಅಷ್ಟೇ ಒಳಗೆ ಬರಲೇಬೇಕು, ಅಲ್ವಾ? ಅದರಲ್ಲಿ 8,000ದಷ್ಟನ್ನು ಬೇರೆ ಫ್ಯಾನ್ ಇಟ್ಟು ಹೊರಗಿನಿಂದ ನೇರ ಅಡುಗೆಮನೆಗೆ ತನ್ನಿ. ಉಳಿದ 2,000 ಊಟದ ಕಡೆಯಿಂದ ಹರಿದು ಬರಲಿ, ಆಗ ವಾಸನೆ ಗಿರಾಕಿಗಳತ್ತ ತಿರುಗುವುದಿಲ್ಲ. ಊಟದ ಹಾಲ್‌ಗೂ ಅಷ್ಟು ಹೊಸ ಗಾಳಿ ಬರುವ ದಾರಿ ಇರಬೇಕು, ಮರೆಯಬೇಡಿ.

ಒಳಬರುವ ಗಾಳಿಯನ್ನು ಹುಡ್ ಪಕ್ಕದಲ್ಲೇ ಜೋರಾಗಿ ಊದಿದರೆ ಆ ಗಾಳಿಯೇ ಹೊಗೆಯನ್ನು ಹುಡ್‌ನಿಂದ ಆಚೆಗೆ ತಳ್ಳುತ್ತದೆ. ಸಣ್ಣ ಬಾಯಿಯಿಂದ ತಣ್ಣನೆ ಗಾಳಿ ಬೆನ್ನಿಗೆ ಹೊಡೆದರಂತೂ ಅಡುಗೆಯವರು ಅದಕ್ಕೆ ಗೋಣಿಚೀಲ ತುರುಕುತ್ತಾರೆ, ನಾನೇ ನೋಡಿದ್ದೇನೆ. ತೂತುಗಳಿರುವ ಅಗಲವಾದ ತಗಡಿನ ಮೂಲಕ, ಹುಡ್‌ನಿಂದ ದೂರದಲ್ಲಿ, ನಿಧಾನಕ್ಕೆ ಬಿಡಿ. ಹೊಗೆ ಹೊರಬೀಳುವ ಜಾಗಕ್ಕೂ ಗಾಳಿ ಒಳಗೆಳೆಯುವ ಜಾಗಕ್ಕೂ 10 ಅಡಿ ಅಂತರವಾದರೂ ಬೇಕು.

ಇನ್ನು ಹುಡ್‌ನಿಂದ ಹೊಗೆ ಸಾಗಿಸುವ ಕೊಳವೆ, ಡಕ್ಟ್. ಸ್ಕ್ರೂ ಹೊಡೆದು ಸಿಲಿಕೋನ್ ಮೆತ್ತಿದ ಜಿಐ ತಗಡು ಅಗ್ಗ, ಆದರೆ ಜೋಡಣೆಯಲ್ಲೆಲ್ಲ ಜಿಡ್ಡು ಸೋರುತ್ತದೆ. ಪೂರ್ತಿ ವೆಲ್ಡ್ ಮಾಡಿದ ಉಕ್ಕೇ ಇರಲಿ. ಅಡ್ಡ ಓಡುವ ಕಡೆ ಅಡಿಗೆ ಕಾಲು ಇಂಚು ಹುಡ್ ಕಡೆಗೆ ಇಳಿಜಾರು ಕೊಡಿ. ಪ್ರತಿ ತಿರುವಿನಲ್ಲೂ, ಉದ್ದ ಓಟದಲ್ಲಿ 12 ಅಡಿಗೊಂದರಂತೆಯೂ ಕೈ ಹಾಕಿ ಕೆರೆಯುವಂಥ ಮುಚ್ಚಳ ಇಡಿ. ನಾಲ್ಕಕ್ಕೂ ಒಂದೇ ಡಕ್ಟ್ ಬೇಡ ಅಂತಲೇ ಹೇಳುತ್ತೇನೆ. ಇದ್ದಿಲು ಒಲೆಗಂತೂ ಪ್ರತ್ಯೇಕವೇ ಬೇಕು, ಕಿಡಿ ಜಿಡ್ಡಿಗೆ ತಾಗಿದರೆ ಮುಗಿಯಿತು. ಮಳೆಗೆ ಅಂತ ಮೇಲೆ ಟೋಪಿ ಹಾಕಿಸಬೇಡಿ, ಜಿಡ್ಡೆಲ್ಲ ಮಾಡಿನ ಮೇಲೇ ಬೀಳುತ್ತದೆ. ನೇರ ಮೇಲಕ್ಕೆ ಊದುವ, ತಳದಲ್ಲಿ ನೀರು ಹೋಗುವ ದಾರಿ ಇರುವ ಫ್ಯಾನ್ ಸಾಕು.

ಕೊನೆಗೆ ಪರೀಕ್ಷೆ. ಕಿಟಕಿಗಳೆಲ್ಲ ಮುಚ್ಚಿ, ನಾಲ್ಕೂ ಒಲೆ, ಎಲ್ಲ ಫ್ಯಾನ್ ಹಾಕಿ. ಊದುಬತ್ತಿಯನ್ನು ಹುಡ್ ಅಂಚಿನ ಕೆಳಗೆ ಉದ್ದಕ್ಕೂ ಸರಿಸಿ. ಮೂಲೆಯಲ್ಲೂ ಹೊಗೆ ಒಳಗೇ ಬಾಗಬೇಕು. ಆ ಫುಡ್ ಕೋರ್ಟ್‌ನಲ್ಲಿ ಹಳೇ ಫ್ಯಾನ್ ಇಟ್ಟುಕೊಂಡೇ ಒಳಗಾಳಿಯ ವ್ಯವಸ್ಥೆ ಮಾಡಿಸಿದೆವು. ಈಗ ಬಾಗಿಲಿಗೆ ಒಂದೇ ಕೈ ಸಾಕು.