ತಡವಾಗಿ ಬಂದುದಕ್ಕೆ ಬ್ರಿಟನ್ನಿನಲ್ಲಿ ಸಿಗುವ ಮೂರು ಎಚ್ಚರಿಕೆಗಳು

ಬ್ರಿಟನ್ನಿನ ಮೇಲಧಿಕಾರಿ ತಡವಾಗಿ ಬಂದವರನ್ನು ಗದರುವುದು ಅಪರೂಪ. ನಮ್ಮವರು ಎಡವುವುದು ಇಲ್ಲಿಯೇ. ಬೈಗುಳ ಬೀಳಲಿಲ್ಲವಾದ್ದರಿಂದ ವಿಷಯ ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತೇವೆ.

ಗೋದಾಮಿನಲ್ಲಿ ಬೆಳಿಗ್ಗೆ 8ರ ಪಾಳಿಗೆ ಹೋಗುವ ಒಬ್ಬರು ಎರಡು ವಾರಗಳಲ್ಲಿ ನಾಲ್ಕು ಸಲ ತಡಮಾಡಿದರು ಎನ್ನೋಣ. ಮೇಲ್ವಿಚಾರಕಿ ಪಕ್ಕಕ್ಕೆ ಕರೆದು, "ನೀವು ಈಚೆಗೆ ತಡವಾಗಿ ಬರುತ್ತಿರುವುದನ್ನು ಗಮನಿಸಿದೆ. ಎಲ್ಲ ಸರಿಯಾಗಿದೆಯೇ? ಮುಂದೆ ಎಂಟಕ್ಕೆ ಬಂದರೆ ಸಂತೋಷ" ಎನ್ನುತ್ತಾರೆ. ಮೌಖಿಕ ಎಚ್ಚರಿಕೆಯ ಧಾಟಿ ಇದು. ಆ "ಸಂತೋಷ" ಕೋರಿಕೆಯಲ್ಲ, ಆದೇಶ. "ಎಲ್ಲ ಸರಿಯಾಗಿದೆಯೇ" ಎಂಬುದು ಮಾತ್ರ ನಿಜವಾದ ಪ್ರಶ್ನೆ. ಮೊದಲ ಬಸ್ಸೇ ತಡವಾಗಿ ಬರುತ್ತಿದ್ದರೆ, ಮಗುವನ್ನು ಶಾಲೆಗೆ ಬಿಡಬೇಕಿದ್ದರೆ ಆಗಲೇ ಹೇಳಿ; ಪಾಳಿ ಬದಲಿಸುವ ಮಾತು ಸುಲಭವಾಗಿ ನಡೆಯುವ ಹಂತ ಇದೊಂದೇ. ಸಂಕೋಚದಿಂದ ತಲೆಯಾಡಿಸಿ ಬಂದರೆ ನಿಮ್ಮ ಕಾರಣ ಯಾರಿಗೂ ಗೊತ್ತಾಗುವುದಿಲ್ಲ, ಅವರ ಟಿಪ್ಪಣಿಯಲ್ಲಿ ದಿನಾಂಕ ಮಾತ್ರ ಉಳಿಯುತ್ತದೆ.

ಕೆಲಸದ ವಿವಾದಗಳಲ್ಲಿ ಮಾರ್ಗದರ್ಶನ ನೀಡುವ ಏಕಾಸ್ ಎಂಬ ಸಾರ್ವಜನಿಕ ಸಂಸ್ಥೆಯ ಸಂಹಿತೆಯಲ್ಲಿ ಔಪಚಾರಿಕ ಎಚ್ಚರಿಕೆ ಶುರುವಾಗುವುದೇ ಲಿಖಿತ ರೂಪದಿಂದ. ಮೌಖಿಕ ಎಚ್ಚರಿಕೆಯನ್ನು ಔಪಚಾರಿಕ ಹಂತವಾಗಿ ಇಟ್ಟುಕೊಂಡ ಕಂಪನಿಗಳೂ ಇವೆ. "ಇದು ಔಪಚಾರಿಕವೇ?" ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಲಿಖಿತ ಎಚ್ಚರಿಕೆಗೆ ಮುನ್ನ ಸಭೆಗೆ ಕರೆಯಬೇಕು. ಅಲ್ಲಿಗೆ ಸಹೋದ್ಯೋಗಿಯನ್ನೋ ಕಾರ್ಮಿಕ ಸಂಘದ ಪ್ರತಿನಿಧಿಯನ್ನೋ ಜೊತೆಗೆ ಕರೆದೊಯ್ಯುವ ಹಕ್ಕು ನಿಮಗಿದೆ. ಪತ್ರದಲ್ಲಿ "ಸಂತೋಷ"ದ ಸುಳಿವೂ ಇರುವುದಿಲ್ಲ: "3ನೇ ತಾರೀಖು 22 ನಿಮಿಷ, 6ನೇ ತಾರೀಖು 17 ನಿಮಿಷ ತಡ. ಪ್ರತಿ ಪಾಳಿಗೂ 8ಕ್ಕೆ ಸಿದ್ಧರಿರಬೇಕು. ಈ ಎಚ್ಚರಿಕೆ ಆರು ತಿಂಗಳು ಜಾರಿಯಲ್ಲಿರುತ್ತದೆ. ಮತ್ತೆ ತಡವಾದರೆ ಅಂತಿಮ ಎಚ್ಚರಿಕೆ ನೀಡಬಹುದು." ಆರು ತಿಂಗಳು ಸಾಮಾನ್ಯ ರೂಢಿ; ನಿಮ್ಮ ಪತ್ರದಲ್ಲಿ ಇರುವುದೇ ನಿಮಗೆ ಅನ್ವಯ. "ನೀಡಬಹುದು" ಎಂಬುದನ್ನು ಅನುಮಾನದ ಮಾತೆಂದು ಓದಬೇಡಿ. ಮುಂದಿನ ಮೆಟ್ಟಿಲು ಯಾವುದೆಂದು ಅವರು ಈಗಲೇ ತಿಳಿಸಿಟ್ಟಿದ್ದಾರೆ.

ಅಂತಿಮ ಎಚ್ಚರಿಕೆ ಹೆಚ್ಚಾಗಿ ಹಿಂದಿನ ಪತ್ರವನ್ನು ದಿನಾಂಕ ಸಹಿತ ನೆನಪಿಸಿಯೇ ಶುರುವಾಗುತ್ತದೆ. ಅವಧಿ ಸಾಮಾನ್ಯವಾಗಿ ಹನ್ನೆರಡು ತಿಂಗಳು. ಅಲ್ಲಿ ಹುಡುಕಬೇಕಾದ ಪದ ಒಂದೇ, "ಡಿಸ್ಮಿಸಲ್", ಅಂದರೆ ವಜಾ. ಆ ಪದ ಬಂದ ಮೇಲೆ ಉಳಿದ ಸೌಜನ್ಯದ ಸಾಲುಗಳಿಗೆ ಸಮಾಧಾನಪಡಬೇಡಿ.

ಎರಡೂ ಪತ್ರಗಳ ಕೊನೆಯಲ್ಲಿ ಮೇಲ್ಮನವಿಯ ಸಾಲು ಇರುತ್ತದೆ, ಗಡುವು ಹೆಚ್ಚಾಗಿ ಕೆಲವೇ ದಿನ. "ನಾನು ಪ್ರಾಮಾಣಿಕ ಕೆಲಸಗಾರ" ಎಂದು ಬರೆದರೆ ಅಲ್ಲಿ ನಡೆಯುವುದಿಲ್ಲ. "6ನೇ ತಾರೀಖಿನ 17 ನಿಮಿಷಕ್ಕೆ ಮೇಲ್ವಿಚಾರಕಿಯ ಒಪ್ಪಿಗೆ ಇತ್ತು, ಹಿಂದಿನ ಸಂಜೆಯ ಅವರ ಸಂದೇಶ ಲಗತ್ತಿಸಿದ್ದೇನೆ" ಎಂದು ಬರೆಯಿರಿ.